ಸಾಫ್ಟ್‌ವೇರ್ ಎಂಜಿನಿಯರ್‌ಗೆ ಆಫರ್ ಲೆಟರ್: ಪ್ರೊಬೇಷನ್, ನೋಟಿಸ್, ಸೌಲಭ್ಯಗಳಲ್ಲಿ ಯಾವ ಆಯ್ಕೆ ಯಾರಿಗೆ ಸರಿ?

ಎಂಟನೇ ತಿಂಗಳಲ್ಲಿ ಒಬ್ಬ ಎಂಜಿನಿಯರ್ ರಾಜೀನಾಮೆ ಕೊಟ್ಟ. 15 ದಿನದಲ್ಲಿ ಹೊರಡುತ್ತೇನೆ ಅಂದ. ಕಂಪನಿಯವರು 60 ದಿನ ಇರಲೇಬೇಕು ಅಂದರು. ಇಬ್ಬರೂ ತೋರಿಸುತ್ತಿದ್ದದ್ದು ಒಂದೇ ಪತ್ರ, ಅದರ ಒಂದೇ ಸಾಲು: "ಆರು ತಿಂಗಳು ಪ್ರೊಬೇಷನ್. ಪ್ರೊಬೇಷನ್‌ನಲ್ಲಿ ನೋಟಿಸ್ 15 ದಿನ, ಕನ್ಫರ್ಮ್ ಆದ ಮೇಲೆ 60 ದಿನ."

ಆರು ತಿಂಗಳು ಮುಗಿದು ಎರಡು ತಿಂಗಳಾಗಿತ್ತು. ಆದರೆ ಕನ್ಫರ್ಮೇಷನ್ ಲೆಟರ್ ಯಾರೂ ಕೊಟ್ಟಿರಲಿಲ್ಲ. ಪ್ರೊಬೇಷನ್ ಮುಂದುವರಿದಿದೆ ಎಂದೂ ಯಾರೂ ಹೇಳಿರಲಿಲ್ಲ. ಹಾಗಾದರೆ ಆ ಹುಡುಗ ಕನ್ಫರ್ಮ್ ಆಗಿದ್ದನಾ, ಇಲ್ಲವಾ? ಪತ್ರದಲ್ಲಿ ಉತ್ತರವೇ ಇರಲಿಲ್ಲ. ಆ ಪತ್ರ ಬರೆದುಕೊಟ್ಟವನು ನಾನು. ಒಂದು ದೊಡ್ಡ ಕಂಪನಿಯ ಮಾದರಿ ತೆಗೆದುಕೊಂಡು ಹೆಸರು, ಸಂಬಳ ಬದಲಿಸಿದ್ದೆ, ಅಷ್ಟೇ. ಕೊನೆಗೆ ರಾಜಿಯಾಗಿ 30 ದಿನಕ್ಕೆ ಒಪ್ಪಿದರು. ಆದರೆ ಆ 30 ದಿನ ಆಫೀಸಿನಲ್ಲಿ ಯಾರೂ ಯಾರ ಮುಖ ನೋಡಿ ಮಾತಾಡಲಿಲ್ಲ.

ಅದಾದ ಮೇಲೆ ಬೆಂಗಳೂರಿನ ಸಣ್ಣ ಕಂಪನಿಗಳಿಗೆ ಆಫರ್ ಲೆಟರ್ ಬರೆಯುವಾಗ ಮಾದರಿಯಿಂದ ಶುರು ಮಾಡುವುದನ್ನೇ ಬಿಟ್ಟೆ. ಒಂದೊಂದು ಷರತ್ತಿಗೂ ಎರಡು ಮೂರು ದಾರಿ ಇರುತ್ತವೆ. ಯಾವುದು ನಮಗೆ ಒಗ್ಗುತ್ತದೆ ಎಂದು ಮೊದಲು ಕೂತು ತೀರ್ಮಾನಿಸಬೇಕು, ಆಮೇಲೆ ಬರೆಯಬೇಕು. ಆ ದಾರಿಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡೋಣ.

ಉದಾಹರಣೆಗೆ ಒಂದೇ ಕೇಸ್ ಹಿಡಿದುಕೊಳ್ಳುತ್ತೇನೆ. ಜಯನಗರದಲ್ಲಿ 14 ಜನರ ಒಂದು ಪ್ರಾಡಕ್ಟ್ ಕಂಪನಿ. ನಾಲ್ಕು ವರ್ಷ ಅನುಭವ ಇರುವ ಒಬ್ಬ ಬ್ಯಾಕೆಂಡ್ ಎಂಜಿನಿಯರ್‌ಗೆ ಆಫರ್ ಕೊಡಬೇಕು. ಸಿಟಿಸಿ 15 ಲಕ್ಷ, ಜೊತೆಗೆ 1 ಲಕ್ಷ ಜಾಯ್ನಿಂಗ್ ಬೋನಸ್. ಆಕೆ ಜುಲೈ 1ಕ್ಕೆ ಸೇರುತ್ತಾರೆ. ಪತ್ರ ಇಂಗ್ಲಿಷಿನಲ್ಲೇ ಹೋಗುತ್ತದೆ. ಅರ್ಥ ಸ್ಪಷ್ಟವಾಗಲಿ ಎಂದು ಷರತ್ತುಗಳನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಪ್ರೊಬೇಷನ್: ತಾನಾಗಿ ಮುಗಿಯಬೇಕಾ, ಪತ್ರ ಕೊಟ್ಟ ಮೇಲೆ ಮುಗಿಯಬೇಕಾ?

ಎಲ್ಲರೂ ಮೊದಲು ಕೇಳುವುದು "ಮೂರು ತಿಂಗಳಾ, ಆರು ತಿಂಗಳಾ" ಎಂದು. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಅವಧಿ ಮುಗಿದ ಮರುದಿನ ಬೆಳಗ್ಗೆ ಆ ವ್ಯಕ್ತಿ ಏನಾಗಿರುತ್ತಾರೆ ಎಂಬುದು ಮೊದಲನೆಯದು.

ಇದಕ್ಕೆ ಎರಡು ದಾರಿ. ಒಂದರಲ್ಲಿ, ಕಂಪನಿ ಲಿಖಿತವಾಗಿ ಕನ್ಫರ್ಮ್ ಮಾಡುವವರೆಗೆ ಪ್ರೊಬೇಷನ್ ನಡೆಯುತ್ತಲೇ ಇರುತ್ತದೆ. ಇನ್ನೊಂದರಲ್ಲಿ, ಕಂಪನಿ ಲಿಖಿತವಾಗಿ ಮುಂದುವರಿಸದಿದ್ದರೆ ಅವಧಿ ಮುಗಿದ ಮರುದಿನದಿಂದ ತಾನಾಗಿ ಕನ್ಫರ್ಮ್ ಆಗುತ್ತದೆ.

ಮೊದಲನೆಯದು ಕಂಪನಿಗೆ ಸುರಕ್ಷಿತ ಅನ್ನಿಸುತ್ತದೆ. ಮ್ಯಾನೇಜರ್ ಮರೆತರೂ ಏನೂ ಆಗುವುದಿಲ್ಲ, ಅಲ್ವಾ? ಆದರೆ ಮರೆತರೆ ನಷ್ಟ ಕಂಪನಿಗೇ. ಪ್ರೊಬೇಷನ್‌ನಲ್ಲಿ ನೋಟಿಸ್ ಕಡಿಮೆ ಇರುತ್ತದೆ. ಒಂದು ವರ್ಷ ಆದರೂ ಕನ್ಫರ್ಮ್ ಮಾಡದ ಎಂಜಿನಿಯರ್ 15 ದಿನದಲ್ಲಿ ಎದ್ದು ಹೋಗಬಹುದು. ಎಚ್‌ಆರ್ ಎಂದು ಪ್ರತ್ಯೇಕವಾಗಿ ಯಾರೂ ಇಲ್ಲದ 14 ಜನರ ಕಂಪನಿಯಲ್ಲಿ ಇಂಥದ್ದು ಮರೆತುಹೋಗುವುದೇ ಜಾಸ್ತಿ. ಹಾಗಾಗಿ ಸಣ್ಣ ಕಂಪನಿಗೆ ನಾನು ಯಾವಾಗಲೂ ಎರಡನೇ ದಾರಿಯನ್ನೇ ಹೇಳುತ್ತೇನೆ. ಕನ್ಫರ್ಮೇಷನ್‌ಗೆ ಎಂದು ಬೇರೆ ಜನ, ಕ್ಯಾಲೆಂಡರ್, ಫಾರ್ಮ್ ಎಲ್ಲ ಇರುವ ದೊಡ್ಡ ಕಡೆ ಮೊದಲನೆಯದು ನಡೆಯುತ್ತದೆ.

ಈಗ ಅವಧಿ. ಕಾಲೇಜಿನಿಂದ ನೇರ ಬಂದವರಿಗೆ ಆರು ತಿಂಗಳು ಕೇಳುವುದರಲ್ಲಿ ಅರ್ಥ ಇದೆ. ಅವರು ಮೊದಲ ಎರಡು ಮೂರು ತಿಂಗಳು ಕಲಿಯುವುದರಲ್ಲೇ ಇರುತ್ತಾರೆ. ನಾಲ್ಕು ವರ್ಷ ಕೆಲಸ ಮಾಡಿ ಬಂದವರ ಕೋಡ್ ಹೇಗಿದೆ, ರಿವ್ಯೂನಲ್ಲಿ ಹೇಳಿದ್ದನ್ನು ಹೇಗೆ ತೆಗೆದುಕೊಳ್ಳುತ್ತಾರೆ, ರಾತ್ರಿ ಸರ್ವರ್ ಬಿದ್ದಾಗ ಏನು ಮಾಡುತ್ತಾರೆ ಎಂಬುದು ಮೂರು ತಿಂಗಳಲ್ಲಿ ಗೊತ್ತಾಗಿಬಿಡುತ್ತದೆ.

ಇಲ್ಲಿ ಕಾನೂನಿನ ಒಂದು ಮಾತು ಬರುತ್ತದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961, ಅದರ 39ನೇ ಸೆಕ್ಷನ್ ಹೀಗೆ ಹೇಳುತ್ತದೆ: ಸತತ ಆರು ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ ತೆಗೆಯುವಂತಿಲ್ಲ. ಕಾರಣ ಇದ್ದರೂ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕು. ವಿಚಾರಣೆಯಲ್ಲಿ ದುರ್ನಡತೆ ಸಾಬೀತಾಗಿದ್ದರೆ ಮಾತ್ರ ನೋಟಿಸ್ ಬೇಡ. ಪತ್ರದಲ್ಲಿ ಆ ವ್ಯಕ್ತಿಯನ್ನು ಪ್ರೊಬೇಷನರ್ ಎಂದು ಕರೆದಿದ್ದೀರಾ, ಪರ್ಮನೆಂಟ್ ಎಂದು ಕರೆದಿದ್ದೀರಾ ಎಂಬುದರ ಮೇಲೆ ಈ ಆರು ತಿಂಗಳ ಲೆಕ್ಕ ನಿಂತಿಲ್ಲ.

ಹಾಗಾಗಿ "ಆರು ತಿಂಗಳು ಪ್ರೊಬೇಷನ್, ಬೇಕಿದ್ದರೆ ಇನ್ನು ಮೂರು ತಿಂಗಳು, ಈ ಅವಧಿಯಲ್ಲಿ 15 ದಿನದ ನೋಟಿಸ್‌ನಲ್ಲಿ ತೆಗೆಯಬಹುದು" ಎಂದು ಬರೆದರೆ ಏಳನೇ ತಿಂಗಳಿಂದ ಆ 15 ದಿನ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಇದು ತುಂಬಾ ಕಡೆ ಕಾಣುವ ತಪ್ಪು. ನಿಮ್ಮ ಪತ್ರದಲ್ಲೂ ಇದೆಯಾ ಎಂದು ನೋಡಲು ಒಂದು ಸುಲಭ ಲೆಕ್ಕ: ಮೊದಲ ಅವಧಿ, ವಿಸ್ತರಣೆ, ಪ್ರೊಬೇಷನ್ ನೋಟಿಸ್, ಈ ಮೂರನ್ನೂ ಕೂಡಿಸಿ. ಆರು ತಿಂಗಳು ದಾಟಿದರೆ ಮತ್ತೆ ಬರೆಯಬೇಕು.

ನಮ್ಮ ಕೇಸಿನಲ್ಲಿ ಬರೆದದ್ದು ಹೀಗೆ:

"ಸೇರಿದ ದಿನದಿಂದ 3 ತಿಂಗಳು ಪ್ರೊಬೇಷನ್. ಈ ಅವಧಿ ಮುಗಿಯುವ ಮೊದಲು ಕಂಪನಿ ಕಾರಣ ಹೇಳಿ ಇಮೇಲ್ ಮೂಲಕ ಮುಂದುವರಿಸದಿದ್ದರೆ, ಮರುದಿನದಿಂದ ನೀವು ಕನ್ಫರ್ಮ್ ಆದಂತೆ. ಒಂದೇ ಸಲ, ಹೆಚ್ಚೆಂದರೆ 2 ತಿಂಗಳು ಮುಂದುವರಿಸಬಹುದು. ಪ್ರೊಬೇಷನ್‌ನಲ್ಲಿ ಎರಡೂ ಕಡೆಯಿಂದ ನೋಟಿಸ್ 15 ದಿನ."

ಮೂರು ಮತ್ತು ಎರಡು ಸೇರಿ ಐದು ತಿಂಗಳು. ಕೊನೆಯ ದಿನ ಬೇಡ ಎಂದು ತೀರ್ಮಾನಿಸಿದರೂ 15 ದಿನ ಸೇರಿಸಿ ಐದೂವರೆ ತಿಂಗಳು. ಕಾನೂನಿನ ಗೆರೆಯ ಒಳಗೇ ಮುಗಿಯುತ್ತದೆ. "ಕಾರಣ ಹೇಳಿ" ಎಂಬ ಎರಡು ಪದ ನಾನೇ ಒತ್ತಾಯ ಮಾಡಿ ಸೇರಿಸಿದ್ದು. ಏನು ಸರಿಯಿಲ್ಲ ಎಂದು ಹೇಳದೆ ಸುಮ್ನೆ ಎರಡು ತಿಂಗಳು ಎಳೆದರೆ ಆ ಎಂಜಿನಿಯರ್ ತಿದ್ದಿಕೊಳ್ಳುವುದು ಯಾವುದನ್ನು? ಮರುದಿನವೇ ಬೇರೆ ಕಡೆ ಹುಡುಕಲು ಶುರು ಮಾಡುತ್ತಾರೆ.

ನೋಟಿಸ್: 30, 60, 90

ಕಂಪನಿಯ ಮಾಲೀಕರು ಮೊದಲು ಕೇಳಿದ್ದು 90 ದಿನ. "ಇವರು ಹೋದರೆ ಇನ್ನೊಬ್ಬರು ಸಿಗಬೇಕಲ್ಲ ಸರ್" ಅಂದರು. ಆ ಎಂಜಿನಿಯರ್ ಕೇಳಿದ್ದು 30. ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ಆದರೆ 90ರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಇವತ್ತು ಒಬ್ಬರು ರಾಜೀನಾಮೆ ಕೊಟ್ಟರು ಅಂದುಕೊಳ್ಳಿ. ಹುಡುಕಿ, ಇಂಟರ್‌ವ್ಯೂ ಮಾಡಿ, ಆಫರ್ ಕೊಡುವುದಕ್ಕೆ ಒಂದು ತಿಂಗಳಾದರೂ ಹೋಗುತ್ತದೆ. ಹೊಸಬರಿಗೂ ಅವರ ಈಗಿನ ಕಂಪನಿಯಲ್ಲಿ 60 ಅಥವಾ 90 ದಿನ ನೋಟಿಸ್ ಇರುತ್ತದೆ. ಅಂದರೆ ನೀವು 90 ದಿನ ಹಿಡಿದು ಕೂರಿಸಿದರೂ ಹಳಬರು ಹೋಗುವ ಹೊತ್ತಿಗೆ ಹೊಸಬರು ಬಂದಿರುವುದು ಅಪರೂಪ. ಬದಲಿ ವ್ಯಕ್ತಿಯನ್ನು ತರುವ ಕೆಲಸವನ್ನು ನೋಟಿಸ್ ಪೀರಿಯಡ್ ಮಾಡುವುದಿಲ್ಲ. ಅದು ಮಾಡಬಲ್ಲದ್ದು ಹ್ಯಾಂಡ್‌ಓವರ್ ಮಾತ್ರ.

ಹ್ಯಾಂಡ್‌ಓವರ್‌ಗೆ ಎಷ್ಟು ದಿನ ಬೇಕು? ಅವರ ಹತ್ತಿರ ಮಾತ್ರ ಇರುವ ಪಾಸ್‌ವರ್ಡ್, ಆಕ್ಸೆಸ್ ಎಲ್ಲ ಬೇರೆಯವರಿಗೆ ಹೋಗಬೇಕು. ಡಿಪ್ಲಾಯ್ ಮಾಡುವುದು ಹೇಗೆ ಎಂದು ಬರೆದಿಡಬೇಕು. ಅವರು ನೋಡಿಕೊಳ್ಳುತ್ತಿದ್ದ ಭಾಗದಲ್ಲಿ ಇನ್ನೊಬ್ಬರು ಒಂದೆರಡು ಬದಲಾವಣೆ ಮಾಡಿ, ಅವರಿಂದಲೇ ರಿವ್ಯೂ ಮಾಡಿಸಿಕೊಳ್ಳಬೇಕು. ಸಣ್ಣ ತಂಡದಲ್ಲಿ ಇದೆಲ್ಲ ಮೂರು ವಾರದ ಕೆಲಸ. ನಾಲ್ಕನೇ ವಾರದಿಂದ ಹೊರಡುವವರ ಮನಸ್ಸು ಆಫೀಸಿನಲ್ಲಿ ಇರುವುದಿಲ್ಲ. ಹೊಸ ಫೀಚರ್ ಅವರ ಕೈಗೆ ಕೊಡಲು ನಿಮಗೂ ಮನಸ್ಸು ಬರುವುದಿಲ್ಲ. ಸಂಬಳ ಮಾತ್ರ ಪೂರ್ತಿ ಹೋಗುತ್ತಿರುತ್ತದೆ.

ಎಂಜಿನಿಯರ್ ಕಡೆಯಿಂದ ನೋಡಿದರೆ 90 ದಿನ ಇನ್ನೂ ಭಾರ. ಮುಂದಿನ ಕೆಲಸ ಹುಡುಕುವಾಗ ರಿಕ್ರೂಟರ್ ಕೇಳುವ ಮೊದಲ ಮಾತೇ "ನೋಟಿಸ್ ಎಷ್ಟು?" 90 ಅಂದ ತಕ್ಷಣ ಕೆಲವು ಕಡೆ ಮಾತು ಅಲ್ಲೇ ನಿಲ್ಲುತ್ತದೆ. ಅದಕ್ಕೇ ಎಷ್ಟೋ ಜನ ಇನ್ನೊಂದು ಆಫರ್ ಇಲ್ಲದೆಯೇ ರಾಜೀನಾಮೆ ಕೊಟ್ಟು ಹುಡುಕಲು ಶುರು ಮಾಡುತ್ತಾರೆ. ಒಂದು ಆಫರ್ ಒಪ್ಪಿಕೊಂಡ ಮೇಲೂ ಕೈಯಲ್ಲಿ ಎರಡು ತಿಂಗಳು ಉಳಿದಿರುತ್ತದೆ. ಅಷ್ಟರಲ್ಲಿ ಇನ್ನೂ ಜಾಸ್ತಿ ಕೊಡುವವರು ಸಿಕ್ಕರೆ ಮೊದಲ ಕಂಪನಿಗೆ ಹೋಗುವುದೇ ಇಲ್ಲ. ಆಫರ್ ಒಪ್ಪಿಕೊಂಡು ಸೇರದೇ ಹೋದವರ ಬಗ್ಗೆ ಬೇಸರ ಮಾಡಿಕೊಳ್ಳುವ ಕಂಪನಿಗಳು ತಮ್ಮದೇ ಪತ್ರದಲ್ಲೂ 90 ದಿನ ಬರೆದಿರುತ್ತವೆ.

ಹಾಗಂತ ಎಲ್ಲರಿಗೂ 30 ಎನ್ನಲಾರೆ. ಒಂದು ಭಾಗಕ್ಕೆ ಒಬ್ಬರೇ ಇರುವ ತಂಡದಲ್ಲಿ 30 ದಿನದಲ್ಲಿ ಒಂದು ವಾರ ರಜೆ, ಒಂದು ವಾರ ಜ್ವರ ಎಂದು ಹೋದರೆ ಹ್ಯಾಂಡ್‌ಓವರ್ ಅರ್ಧಕ್ಕೇ ನಿಲ್ಲುತ್ತದೆ. ತಂಡದ ಲೀಡ್, ಆರ್ಕಿಟೆಕ್ಟ್ ಆಗಿ ಬರುವವರಿಗೆ 60 ಇಡುವುದು ತಪ್ಪಲ್ಲ. ಇಬ್ಬರು ಮೂವರು ಒಂದೇ ಕೋಡ್‌ಬೇಸ್ ನೋಡಿಕೊಳ್ಳುವ ಕಡೆ 30 ಸಾಕು. ನಮ್ಮ ಕೇಸಿನಲ್ಲಿ ಇಬ್ಬರೂ 45ಕ್ಕೆ ಒಪ್ಪಿದರು. 45 ದಿನ ಎಂದರೆ ಕ್ಯಾಲೆಂಡರ್ ದಿನ ಎಂದೂ ಬರೆದೆವು. ಇಲ್ಲದಿದ್ದರೆ ಶನಿವಾರ ಭಾನುವಾರ ಬಿಟ್ಟು ಎಣಿಸುವವರು ಬರುತ್ತಾರೆ.

ನೋಟಿಸ್ ಎಷ್ಟೇ ಇರಲಿ, ಎರಡೂ ಕಡೆ ಒಂದೇ ಇರಲಿ. ನೌಕರ ಬಿಟ್ಟರೆ 90 ದಿನ, ಕಂಪನಿ ತೆಗೆದರೆ 30 ದಿನ ಎಂದು ಬರೆದ ಪತ್ರಗಳನ್ನು ನೋಡಿದ್ದೇನೆ. ಅನುಭವ ಇರುವ ಎಂಜಿನಿಯರ್ ಅದನ್ನು ಓದಿದರೆ ಸೇರುವ ಮೊದಲೇ ಮನಸ್ಸು ಮುರಿಯುತ್ತದೆ.

ನೋಟಿಸ್ ಬದಲು ದುಡ್ಡು

ಜಗಳ ಹುಟ್ಟುವುದು ಜಾಸ್ತಿ ಇಲ್ಲೇ. "ನೋಟಿಸ್ ಅಥವಾ ಅದರ ಬದಲು ಸಂಬಳ" ಎಂದು ಬರೆದು ಬಿಟ್ಟಿರುತ್ತಾರೆ. ಯಾವ ಸಂಬಳ? ಬೇಸಿಕ್ಕಾ, ಗ್ರಾಸ್ಸಾ?

ನಮ್ಮ ಕೇಸಿನಲ್ಲಿ ತಿಂಗಳ ಬೇಸಿಕ್ 62,500, ಗ್ರಾಸ್ ಸುಮಾರು 1,06,700. ಆಕೆ 45 ದಿನದಲ್ಲಿ 20 ದಿನ ಇದ್ದು 25 ದಿನ ಬಾಕಿ ಬಿಟ್ಟು ಹೊರಟರು ಅಂದುಕೊಳ್ಳಿ. ಬೇಸಿಕ್ ಹಿಡಿದರೆ ದಿನಕ್ಕೆ 2,083ರಂತೆ ಸುಮಾರು 52,100 ರೂಪಾಯಿ. ಗ್ರಾಸ್ ಹಿಡಿದರೆ ದಿನಕ್ಕೆ 3,556ರಂತೆ 88,900. ಒಂದು ಪದ ಬಿಟ್ಟುಹೋದದ್ದಕ್ಕೆ ಸುಮಾರು 36,800 ರೂಪಾಯಿ ವ್ಯತ್ಯಾಸ. ಆಗ ಎರಡೂ ಕಡೆಯವರು ತಮಗೆ ಅನುಕೂಲವಾದ ಅರ್ಥವನ್ನೇ ಹಿಡಿಯುತ್ತಾರೆ.

ನಾನು ಗ್ರಾಸ್ ಹಿಡಿಯಿರಿ ಎನ್ನುತ್ತೇನೆ, ಎರಡೂ ಕಡೆಗೂ. ಆರು ತಿಂಗಳು ದಾಟಿದವರನ್ನು ತೆಗೆಯುವಾಗ ಕಂಪನಿ ಒಂದು ತಿಂಗಳ ಸಂಬಳ ಕೊಡಬೇಕಾಗುತ್ತದೆ. ಅಲ್ಲಿ ಬರೀ ಬೇಸಿಕ್ ಕೊಟ್ಟು ಕೈತೊಳೆದುಕೊಳ್ಳುವ ಪತ್ರ ಪ್ರಶ್ನೆ ಎದುರಿಸಬೇಕಾಗಬಹುದು. ಕೊಡುವಾಗ ಗ್ರಾಸ್ ಆದರೆ ತೆಗೆದುಕೊಳ್ಳುವಾಗಲೂ ಅದೇ ಇರಲಿ.

ಇನ್ನೊಂದು ಆಯ್ಕೆ: ದುಡ್ಡು ಕೊಟ್ಟು ಬೇಗ ಹೊರಡುವುದು ನೌಕರರ ಹಕ್ಕಾ, ಅಥವಾ ಕಂಪನಿ ಒಪ್ಪಿದರೆ ಮಾತ್ರವಾ? "ಕಂಪನಿ ಒಪ್ಪಿದರೆ ಮಾತ್ರ" ಎಂದರೆ ಎಂಜಿನಿಯರ್ ಸಿಕ್ಕಿಬೀಳುತ್ತಾರೆ. ಪೂರ್ತಿ ಹಕ್ಕು ಎಂದರೆ ನಾಳೆಯೇ ದುಡ್ಡು ಕಟ್ಟಿ ಹೊರಡಬಹುದು, ಪಾಸ್‌ವರ್ಡ್ ಕೂಡ ಕೈಬದಲಾಗಿರುವುದಿಲ್ಲ. ಇಲ್ಲಿ ನಾನು ನಡುವಿನ ದಾರಿ ಬರೆಯುತ್ತೇನೆ: "ಮೊದಲ 20 ದಿನ ಕೆಲಸ ಮಾಡಲೇಬೇಕು. ಉಳಿದ ದಿನಗಳಿಗೆ ಯಾವ ಕಡೆಯವರಾದರೂ ಗ್ರಾಸ್ ಲೆಕ್ಕದಲ್ಲಿ ಹಣ ಕೊಟ್ಟು ಮುಗಿಸಬಹುದು. ಕಂಪನಿ ಇಷ್ಟಪಟ್ಟರೆ ಹಣವಿಲ್ಲದೆಯೂ ಬಿಡಬಹುದು." ಹ್ಯಾಂಡ್‌ಓವರ್‌ಗೆ ಬೇಕಾದ ಮೂರು ವಾರ ಸಿಕ್ಕಿತು, ಉಳಿದದ್ದು ದುಡ್ಡಿನ ಮಾತು.

ಹಳೆಯ ಮಾದರಿಗಳಲ್ಲಿ ಈ ಹಣದ ಮೇಲೆ "ಜಿಎಸ್‌ಟಿ ಪ್ರತ್ಯೇಕ" ಎಂದು ಇರುತ್ತದೆ. ನೋಟಿಸ್ ಹಣಕ್ಕೆ ಜಿಎಸ್‌ಟಿ ಇಲ್ಲ ಎಂದು 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಬಂದಿದೆ. ಆ ಸಾಲು ತೆಗೆದುಬಿಡಿ. "ಅಂತಿಮ ಲೆಕ್ಕ 45 ದಿನದಲ್ಲಿ" ಎಂಬ ಸಾಲೂ ಹಳೆಯದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಬಿಟ್ಟುಹೋದವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದಲ್ಲಿ ಕೊಡಬೇಕು. ರಾಜೀನಾಮೆಗೂ ಇದು ಅನ್ವಯ. ಅಂದರೆ ರಜೆ ಲೆಕ್ಕ, ಲ್ಯಾಪ್‌ಟಾಪ್ ವಾಪಸ್, ಎಲ್ಲವನ್ನೂ ನೋಟಿಸ್ ಅವಧಿಯ ಒಳಗೇ ಮುಗಿಸಿಕೊಳ್ಳಬೇಕು. ರಿಲೀವಿಂಗ್ ಲೆಟರ್ ಯಾವ ದಿನ ಕೊಡುತ್ತೀರಿ ಎಂದೂ ಪತ್ರದಲ್ಲೇ ಹೇಳಿ. ಅದನ್ನು ಹಿಡಿದಿಟ್ಟುಕೊಂಡು ಮಾತು ಕೇಳಿಸುವ ಅಭ್ಯಾಸ ನನಗೆ ಸ್ವಲ್ಪವೂ ಇಷ್ಟವಿಲ್ಲ.

ಸೌಲಭ್ಯ: 15 ಲಕ್ಷ ಎಂದರೆ ಕೈಗೆ ಎಷ್ಟು?

ಆಫರ್ ಕೈಗೆ ಬಂದ ತಕ್ಷಣ ಎಲ್ಲರೂ 15 ಲಕ್ಷವನ್ನು 12ರಿಂದ ಭಾಗಿಸುತ್ತಾರೆ. 1,25,000 ಬರುತ್ತದೆ. ಮೊದಲ ತಿಂಗಳ ಸಂಬಳ ನೋಡಿದಾಗ ಎದೆ ಧಸಕ್ ಅನ್ನುತ್ತದೆ. ಈ ಬೇಸರ ತಪ್ಪಿಸಲು ಲೆಕ್ಕವನ್ನು ಆಫರ್ ಜೊತೆಗೇ ಬಿಡಿಸಿ ಕೊಡಬೇಕು.

ಇದರಲ್ಲಿ ದೊಡ್ಡ ಆಯ್ಕೆ ಪಿಎಫ್. ಕಂಪನಿಯ ಪಾಲು ಬೇಸಿಕ್‌ನ 12%. ಆದರೆ ಪಿಎಫ್‌ಗೆ ಒಳಪಟ್ಟ ಕಂಪನಿಯಲ್ಲೂ ಕಡ್ಡಾಯದ ಲೆಕ್ಕ 15,000 ರೂಪಾಯಿ ಮಿತಿಯ ಮೇಲೆ, ಅಂದರೆ ತಿಂಗಳಿಗೆ 1,800. ಈ ಮಿತಿ 2014ರಲ್ಲಿ ಬಂದದ್ದು. ಇಷ್ಟನ್ನೇ ಕಟ್ಟುವುದು ಒಂದು ದಾರಿ. ಪೂರ್ತಿ ಬೇಸಿಕ್ ಮೇಲೆ ಕಟ್ಟುವುದು ಇನ್ನೊಂದು. ಕಂಪನಿಯ ಪಾಲನ್ನೂ ಸಿಟಿಸಿಯ ಒಳಗೇ ಇಟ್ಟಿದ್ದರೆ ಕೈಗೆ ಬರುವ ಹಣ ಎಷ್ಟು ಬದಲಾಗುತ್ತದೆ ನೋಡಿ. ಬೇಸಿಕ್ ವರ್ಷಕ್ಕೆ 7.5 ಲಕ್ಷ, ವೇರಿಯಬಲ್ 1.5 ಲಕ್ಷ, ಗ್ರಾಚ್ಯುಟಿ 36,075, ವಿಮೆಯ ಪ್ರೀಮಿಯಂ 12,000 ಎಂದು ಹಿಡಿದಿದ್ದೇನೆ.

| | ಪಿಎಫ್ 1,800ಕ್ಕೆ ಮಿತಿ | ಪಿಎಫ್ ಪೂರ್ತಿ ಬೇಸಿಕ್ ಮೇಲೆ |
|---|---|---|
| ತಿಂಗಳ ಗ್ರಾಸ್ | 1,06,694 | 1,00,994 |
| ನೌಕರರ ಪಿಎಫ್ ಪಾಲು | 1,800 | 7,500 |
| ವೃತ್ತಿ ತೆರಿಗೆ | 200 | 200 |
| ಆದಾಯ ತೆರಿಗೆಗೆ ಮೊದಲು ಕೈಗೆ | 1,04,694 | 93,294 |
| ಪಿಎಫ್ ಖಾತೆಗೆ ಎರಡೂ ಪಾಲು ಸೇರಿ | 3,600 | 15,000 |

ತಿಂಗಳಿಗೆ 11,400 ಕೈಯಿಂದ ಖಾತೆಗೆ ಹೋಗುತ್ತದೆ. ಹಣ ಎಲ್ಲೂ ಹೋಗಿಲ್ಲ, ಜಾಗ ಬದಲಾಗಿದೆ. ಮನೆ ಬಾಡಿಗೆ, ತಮ್ಮನ ಫೀಸು ಎಂದು ಈಗಲೇ ಹಣ ಬೇಕಾದವರಿಗೆ ಮೊದಲನೆಯದು. ಉಳಿತಾಯ ತಾನಾಗಿ ಆಗಲಿ ಎನ್ನುವವರಿಗೆ ಎರಡನೆಯದು. ಕಂಪನಿಗೆ ಖರ್ಚು ಎರಡರಲ್ಲೂ ಒಂದೇ. ಹಾಗಾಗಿ ಸೇರುವ ಮೊದಲು ಅವರನ್ನೇ ಕೇಳಿ, ಆಯ್ಕೆಯನ್ನು ಬರೆಸಿಕೊಳ್ಳಿ. ನಮ್ಮ ಎಂಜಿನಿಯರ್ ಮೊದಲನೆಯದನ್ನು ಆರಿಸಿಕೊಂಡರು. ಪಿಎಫ್ ಸೇರಿದ ದಿನದಿಂದಲೇ ಶುರುವಾಗುತ್ತದೆ. ಪ್ರೊಬೇಷನ್ ಮುಗಿಯಲಿ ಎಂದು ಕಾಯುವ ಹಾಗಿಲ್ಲ.

ಬೇಸಿಕ್ ಅರ್ಧಕ್ಕೆ ಇಟ್ಟದ್ದಕ್ಕೂ ಕಾರಣ ಇದೆ. ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನೂ ವೇತನ ಎಂದೇ ಎಣಿಸುತ್ತಾರೆ. ಬೇಸಿಕ್ 30% ಇಟ್ಟು ಗ್ರಾಚ್ಯುಟಿ ಉಳಿಸುವ ಹಳೆಯ ಮಾದರಿಯಿಂದ ಈಗ ಲಾಭ ಇಲ್ಲ.

ಗ್ರಾಚ್ಯುಟಿ ಸಿಟಿಸಿಯಲ್ಲಿ ಇರಬೇಕಾ? ಎಷ್ಟೋ ಕಂಪನಿಗಳು ಬೇಸಿಕ್‌ನ 4.81% ಎಂದು ಸೇರಿಸುತ್ತವೆ. ಕಾಯಂ ನೌಕರರಿಗೆ ಅದು ಸಿಗುವುದು ಐದು ವರ್ಷ ಆದ ಮೇಲೆ. ಮೂರನೇ ವರ್ಷಕ್ಕೆ ಹೋದರೆ ಆ 36,075 ರೂಪಾಯಿ ಪ್ರತಿ ವರ್ಷ ಕಾಗದದಲ್ಲಷ್ಟೇ ಇತ್ತು ಎಂದಾಯಿತು. ಹೊರಗಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಒಳಗಿಡಲೇಬೇಕು ಎಂದರೆ ಒಂದು ಗೆರೆ ಎಳೆದು, ಅದರ ಕೆಳಗೆ "ಐದು ವರ್ಷ ಪೂರೈಸಿದ ಮೇಲೆ ಸಿಗುವುದು" ಎಂದು ಬೇರೆಯಾಗಿ ತೋರಿಸಿ. ವೇರಿಯಬಲ್ ಕೂಡ ಹಾಗೆಯೇ. ಯಾವ ತಿಂಗಳಲ್ಲಿ ಕೊಡುತ್ತೀರಿ, ಯಾವುದನ್ನು ನೋಡಿ ಕೊಡುತ್ತೀರಿ, ವರ್ಷದ ನಡುವೆ ಬಿಟ್ಟರೆ ಏನು, ಈ ಮೂರೂ ಇರಲಿ.

ಆರೋಗ್ಯ ವಿಮೆ ಸೇರಿದ ದಿನದಿಂದಲಾ, ಕನ್ಫರ್ಮ್ ಆದ ಮೇಲಾ? ಕನ್ಫರ್ಮ್ ಆದ ಮೇಲೆ ಎಂದರೆ ಕಂಪನಿಗೆ ಮೂರು ತಿಂಗಳ ಪ್ರೀಮಿಯಂ ಉಳಿಯುತ್ತದೆ, ನಮ್ಮ ಲೆಕ್ಕದಲ್ಲಿ 3,000 ರೂಪಾಯಿ. ಹಳೆಯ ಕಂಪನಿಯ ಗ್ರೂಪ್ ವಿಮೆ ಅಲ್ಲಿ ಕೊನೆಯ ದಿನಕ್ಕೇ ನಿಂತಿರುತ್ತದೆ. ಆ ಮೂರು ತಿಂಗಳಲ್ಲಿ ಆಸ್ಪತ್ರೆ ಸೇರುವ ಹಾಗಾದರೆ ಪೂರ್ತಿ ಅವರ ಜೇಬಿನಿಂದ. 3,000 ರೂಪಾಯಿಗೆ ಈ ಅಪಾಯವನ್ನು ಇನ್ನೊಬ್ಬರ ಮೇಲೆ ಹಾಕುವುದು ನನಗೆ ಒಪ್ಪುವುದಿಲ್ಲ. ಸೇರಿದ ದಿನದಿಂದಲೇ ಕೊಡಿ. ಬರೀ ಪತ್ರದಲ್ಲಿ ಬರೆದರೆ ಸಾಲದು, ಆ ವಾರವೇ ವಿಮಾ ಕಂಪನಿಗೆ ಹೆಸರು ಕಳಿಸಬೇಕು. ಗ್ರೂಪ್ ಪಾಲಿಸಿಯಲ್ಲಿ ಮುಂಗಡವಾಗಿ ಇಡುವ ಹಣಕ್ಕೆ ಸಿಡಿ ಬ್ಯಾಲೆನ್ಸ್ ಎನ್ನುತ್ತಾರೆ. ಅದು ಖಾಲಿ ಇದ್ದರೆ ಹೊಸ ಹೆಸರು ಸೇರುವುದು ನಿಂತುಹೋಗುತ್ತದೆ. ಅದು ಗೊತ್ತಾಗುವುದು ಆಸ್ಪತ್ರೆಯ ಕೌಂಟರ್‌ನಲ್ಲಿ.

ಪತ್ರ ಓದಿ ನಮ್ಮ ಎಂಜಿನಿಯರ್ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಕುಟುಂಬಕ್ಕೆ 5 ಲಕ್ಷ ಅಂತ ಇದೆ. ಅಪ್ಪ ಅಮ್ಮ ಬರ್ತಾರಾ ಅದರಲ್ಲಿ?" ಬರುತ್ತಿರಲಿಲ್ಲ. ಪಾಲಿಸಿಯಲ್ಲಿ ಕುಟುಂಬ ಎಂದರೆ ಗಂಡ ಅಥವಾ ಹೆಂಡತಿ, ಇಬ್ಬರು ಮಕ್ಕಳು. ಮದುವೆಯಾಗದ 26 ವರ್ಷದವರಿಗೆ ಕುಟುಂಬ ಎಂದರೆ ಅಪ್ಪ ಅಮ್ಮನೇ ಅಲ್ವಾ? "ತಂದೆ ತಾಯಿಯನ್ನು ಸೇರಿಸಬಹುದು, ಅವರ ಪ್ರೀಮಿಯಂ ನೌಕರರದ್ದು, ತಿಂಗಳ ಕಂತಿನಲ್ಲಿ ಸಂಬಳದಿಂದ" ಎಂದು ಒಂದು ಸಾಲು ಸೇರಿಸಿದೆವು. ಅಂದಿನಿಂದ "ಕುಟುಂಬ" ಎಂಬ ಪದವನ್ನು ಬಿಡಿಸದೆ ಬರೆಯುವುದಿಲ್ಲ.

ರಜೆಯ ವಿಷಯ ಚಿಕ್ಕದು. "ಪ್ರೊಬೇಷನ್‌ನಲ್ಲಿ ರಜೆ ಇಲ್ಲ" ಎಂದು ಬರೆಯಬೇಡಿ. 1961ರ ಅದೇ ಕಾಯ್ದೆಯಲ್ಲಿ ಕಾಯಿಲೆ ರಜೆ ವರ್ಷಕ್ಕೆ 12 ದಿನ, ಅದು ಮೊದಲ ವರ್ಷದಿಂದಲೇ ಇದೆ.

ಬಾಂಡಾ, ಜಾಯ್ನಿಂಗ್ ಬೋನಸ್ ವಾಪಸ್ಸಾ?

ಒಂದು ವರ್ಷವಾದರೂ ಇರಲಿ ಎಂದು ಕಂಪನಿ ಬಯಸುವುದು ಸಹಜ. ಇದಕ್ಕೆ ಬಾಂಡ್ ಒಂದು ದಾರಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷ, 2 ಲಕ್ಷ ರೂಪಾಯಿಯ ಬಾಂಡ್ ಅನ್ನು ಎತ್ತಿಹಿಡಿಯಿತು. ಆದರೆ ಅದು ಸರ್ಕಾರಿ ಬ್ಯಾಂಕು. ಜಾಹೀರಾತು, ಪರೀಕ್ಷೆ ಎಂದು ಮತ್ತೆ ನೇಮಕ ಮಾಡುವ ಖರ್ಚನ್ನು ಕೋರ್ಟ್ ಗಮನಿಸಿತ್ತು. ತರಬೇತಿಗೆ ಏನೂ ಖರ್ಚು ಮಾಡದ 14 ಜನರ ಕಂಪನಿ ಆ ತೀರ್ಪನ್ನು ತೋರಿಸಿ 5 ಲಕ್ಷದ ಬಾಂಡ್ ಬರೆದರೆ ಅದೇ ರಕ್ಷಣೆ ಸಿಗುತ್ತದೆ ಎಂದುಕೊಳ್ಳಬಾರದು. ಹೋದ ಮೇಲೆ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಎಂಬ ಷರತ್ತಂತೂ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ನಿಲ್ಲುವುದಿಲ್ಲ.

ಹಾಗಾಗಿ ಇಲ್ಲಿ ಜಾಯ್ನಿಂಗ್ ಬೋನಸ್ ದಾರಿಯೇ ಒಳ್ಳೆಯದು. ನಿಜವಾಗಿ ಕೊಟ್ಟ ಹಣ, ಅದರ ಉಳಿದ ಭಾಗ ವಾಪಸ್. "12 ತಿಂಗಳ ಒಳಗೆ ನೀವಾಗಿ ಬಿಟ್ಟರೆ, ಉಳಿದ ತಿಂಗಳ ಲೆಕ್ಕದಲ್ಲಿ, ತೆರಿಗೆ ಕಳೆದು ಕೈಗೆ ಬಂದ ಮೊತ್ತದ ಮೇಲೆ ವಾಪಸ್. ಕಂಪನಿ ತೆಗೆದರೆ ವಾಪಸ್ ಇಲ್ಲ." ತೆರಿಗೆಯ ಮಾತು ಮರೆಯಬೇಡಿ. 1 ಲಕ್ಷದಲ್ಲಿ ಟಿಡಿಎಸ್ ಹೋಗಿ ಉಳಿದದ್ದು ಕೈಗೆ ಬಂದಿರುತ್ತದೆ, ವಾಪಸ್ ಕೇಳುವಾಗ ಪೂರ್ತಿ ಲಕ್ಷ ಕೇಳಿದರೆ ಜಗಳ ಖಂಡಿತ.

ಕಳಿಸುವ ಮೊದಲು ಮೂರು ತಾರೀಕು ಹಾಕಿ ನೋಡಿ

ಪತ್ರ ಮುಗಿದ ಮೇಲೆ ನಾನು ಮೂರು ತಾರೀಕು ಬರೆದುಕೊಂಡು, ಪತ್ರ ಬಿಟ್ಟು ಬೇರೇನನ್ನೂ ನೋಡದೆ ಉತ್ತರ ಹುಡುಕುತ್ತೇನೆ. ಈ ಕೇಸಿನಲ್ಲಿ ಹೀಗೆ ಬಂತು.

ಆಗಸ್ಟ್ 20ಕ್ಕೆ ಆಕೆ ರಾಜೀನಾಮೆ ಕೊಟ್ಟರೆ? ಪ್ರೊಬೇಷನ್, 15 ದಿನ, ಸೆಪ್ಟೆಂಬರ್ 4ಕ್ಕೆ ಕೊನೆ. ಅಲ್ಲಿಯವರೆಗೆ ಪಿಎಫ್, ವಿಮೆ ಎರಡೂ ಇವೆ.

ಅಕ್ಟೋಬರ್ 10ಕ್ಕೆ ಕೊಟ್ಟರೆ? ಸೆಪ್ಟೆಂಬರ್ 30ರೊಳಗೆ ವಿಸ್ತರಣೆಯ ಇಮೇಲ್ ಹೋಗಿಲ್ಲ, ಹಾಗಾಗಿ ಅಕ್ಟೋಬರ್ 1ರಿಂದ ಕನ್ಫರ್ಮ್. ನೋಟಿಸ್ 45 ದಿನ, ನವೆಂಬರ್ 24ಕ್ಕೆ ಕೊನೆ. ಬೇಗ ಹೋಗಬೇಕೆಂದರೆ ಅಕ್ಟೋಬರ್ 30ರವರೆಗೆ ಇರಲೇಬೇಕು. ಪೂರ್ತಿ ನೋಟಿಸ್ ಮುಗಿಸಿದರೆ ನಾಲ್ಕು ಪೂರ್ಣ ತಿಂಗಳಾಗಿದೆ, ಬೋನಸ್‌ನಲ್ಲಿ 12ರಲ್ಲಿ 8 ಭಾಗ ವಾಪಸ್. ಇಲ್ಲಿ ನಮ್ಮ ಪತ್ರ ಒಂದು ಕಡೆ ಎಡವಿತು: ಅರ್ಧ ತಿಂಗಳನ್ನು ಹೇಗೆ ಎಣಿಸುವುದು ಎಂದು ಇರಲಿಲ್ಲ. "ಪೂರ್ಣ ತಿಂಗಳು ಮಾತ್ರ" ಎಂದು ಸೇರಿಸಿದೆವು.

ಮುಂದಿನ ಮಾರ್ಚ್ 1ಕ್ಕೆ ಕಂಪನಿಯೇ ತೆಗೆದರೆ? ಕಾರಣ ಲಿಖಿತವಾಗಿ ಬೇಕು. ಮೊದಲ 20 ದಿನ ಕೆಲಸ ಮಾಡಲೇಬೇಕು ಎಂಬ ಸಾಲು ಇಲ್ಲಿ ಅಡ್ಡ ಬಂತು. ಅದು ನೌಕರರು ಬಿಟ್ಟಾಗ ಮಾತ್ರ ಎಂದು ತಿದ್ದಿದೆವು. ಈಗ ಅದೇ ದಿನ ಹೊರಡಬೇಕೆಂದರೆ 45 ದಿನದ ಗ್ರಾಸ್, ಸುಮಾರು 1,60,000 ರೂಪಾಯಿ. ಬೋನಸ್ ವಾಪಸ್ ಇಲ್ಲ. ಬಾಕಿ ಎರಡು ಕೆಲಸದ ದಿನದಲ್ಲಿ.

ಆ ಎರಡು ತಿದ್ದುಪಡಿ ಮಾಡಿ ಮಂಗಳವಾರ ಸಂಜೆ ಕಳಿಸಿದೆವು. ಒಪ್ಪಿಗೆಗೆ ಏಳು ದಿನದ ಗಡುವು, ಮೊದಲ ಪುಟದಲ್ಲೇ. 1961ರ ಅದೇ ಕಾಯ್ದೆಯ ಪ್ರಕಾರ, ಅವರು ಸೇರಿದ ಮೇಲೆ 30 ದಿನದೊಳಗೆ ನೇಮಕಾತಿ ಆದೇಶವನ್ನು ಫಾರ್ಮ್ ಕ್ಯೂನಲ್ಲಿ ಬೇರೆಯಾಗಿ ಕೊಡಬೇಕು. ಆಫರ್‌ನಲ್ಲಿ ಇದ್ದ ಅದೇ ಅಂಕಿ, ಅದೇ ದಿನಗಳು ಅದರಲ್ಲೂ ಇವೆಯಾ ಎಂದು ಎರಡನ್ನೂ ಪಕ್ಕದಲ್ಲಿಟ್ಟು ಓದಲು ಜುಲೈ 20ಕ್ಕೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದೇನೆ.